ಅಡ್ವಾನ್ಸ್ ಹಿಡಿದಿಟ್ಟ ಓನರ್‌ಗೆ ನೋಟಿಸ್: ಮೊದಲು ಲೆಕ್ಕ, ಆಮೇಲೆ ಕಾಯ್ದೆ

ಪ್ರಶ್ನೆ: ಬಳ್ಳಾರಿ ಕಪ್ಪಗಲ್ಲು ರಸ್ತೆ ಕಡೆ ಒಂದು ಮನೆಯಲ್ಲಿ 2022ರ ಆಗಸ್ಟ್ 1ರಿಂದ ಬಾಡಿಗೆಗೆ ಇದ್ದೆವು. ಬಾಡಿಗೆ 8,500, ಅಡ್ವಾನ್ಸ್ 60,000. ಕರಾರು ಪತ್ರ ನನ್ನ ಹೆಸರಿನಲ್ಲಿದೆ. 11 ತಿಂಗಳಿಗೆ ಮಾಡಿದ್ದು, ಆಮೇಲೆ ಯಾರೂ ಹೊಸದು ಮಾಡಲಿಲ್ಲ. ಯಜಮಾನರಿಗೆ ಹೊಸಪೇಟೆಗೆ ವರ್ಗ ಆಯ್ತು. 2025ರ ಆಗಸ್ಟ್ 28ಕ್ಕೆ ವಾಟ್ಸಾಪ್‌ನಲ್ಲಿ ತಿಳಿಸಿ, ಸೆಪ್ಟೆಂಬರ್ 30ಕ್ಕೆ ಕೀ ಕೊಟ್ಟೆವು. ಬಾಡಿಗೆ, ಕರೆಂಟ್ ಬಿಲ್ ಏನೂ ಬಾಕಿ ಇಲ್ಲ. ಅಕ್ಟೋಬರ್ 12ಕ್ಕೆ ಓನರ್ ಮಗ ಬರೀ 15,000 ಹಾಕಿದ. ಉಳಿದ 45,000 ಕೇಳಿದರೆ, ಪೇಂಟಿಂಗ್‌ಗೆ 25,000, ನಲ್ಲಿ ಮತ್ತು ಬಾತ್‌ರೂಮ್ ಟೈಲ್ಸ್‌ಗೆ 7,500, ಕಿಟಕಿ ಗ್ಲಾಸಿಗೆ 4,000, ಮನೆ ಖಾಲಿ ಬಿದ್ದಿದ್ದಕ್ಕೆ ಒಂದು ತಿಂಗಳ ಬಾಡಿಗೆ 8,500 ಅಂತಾರೆ. ಗ್ಲಾಸ್ ನಮ್ಮ ಹುಡುಗ ಒಡೆದದ್ದು ನಿಜ. ಲಾಯರ್ ನೋಟಿಸ್ ಕೊಡಬೇಕಾ? ಅದರಲ್ಲಿ ಏನು ಬರೆಯಬೇಕು?

ಉತ್ತರ:

ನೋಟಿಸ್ ಕೊಡಿ. ಅದಕ್ಕೆ ಲಾಯರ್ ಬೇಕೇ ಬೇಕು ಅಂತ ಕಾಯ್ದೆ ಹೇಳುವುದಿಲ್ಲ, ನೀವೇ ಸಹಿ ಮಾಡಿ ಕಳಿಸಬಹುದು. ಕನ್ನಡದಲ್ಲೇ ಬರೆಯಬಹುದು. ಆದರೆ ಬರೆಯಲು ಕೂರುವ ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ನನ್ನ ಹತ್ತಿರ ಬರುವವರು ಬಹಳ ಜನ ಕೋಪದಲ್ಲಿ ಬರೆದ ಕಾಗದ ಹಿಡಿದುಕೊಂಡೇ ಬರುತ್ತಾರೆ. ಅದರಲ್ಲಿ ಕಾಯ್ದೆಯ ಹೆಸರು ಹತ್ತು ಇರುತ್ತವೆ. ಓನರ್ ಕೊಡಬೇಕಾದ್ದು ಎಷ್ಟು ಅನ್ನುವ ಒಂದು ಅಂಕಿ ಮಾತ್ರ ಸರಿಯಾಗಿ ಇರುವುದಿಲ್ಲ. ನಾಳೆ ನ್ಯಾಯಾಧೀಶರು ಮೊದಲು ನೋಡುವುದೇ ಆ ಅಂಕಿಯನ್ನು.

ನೀವು ಹೇಳಿದ ನಾಲ್ಕು ಕಡಿತಗಳನ್ನು ಒಂದೊಂದಾಗಿ ನೋಡೋಣ. ಪೇಂಟಿಂಗ್‌ದೇ ದೊಡ್ಡ ಮೊತ್ತ, ಅದರಿಂದಲೇ ಶುರು ಮಾಡುತ್ತೇನೆ.

ನಿಮ್ಮ ಕರಾರು ಪತ್ರ ತೆಗೆದು, ಸುಣ್ಣ ಬಣ್ಣದ ಬಗ್ಗೆ ಏನು ಬರೆದಿದೆ ನೋಡಿ. ನಮ್ಮ ಕಡೆ ಟೈಪಿಂಗ್ ಅಂಗಡಿಯಲ್ಲಿ ಮಾಡಿಸುವ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: "ಮನೆ ಖಾಲಿ ಮಾಡುವಾಗ ಸುಣ್ಣ ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲಾಗುವುದು." ಆ ಸಾಲು ನಿಮ್ಮದರಲ್ಲೂ ಇದ್ದರೆ 8,500 ಬಿಟ್ಟುಬಿಡಿ. ನೀವು ಒಪ್ಪಿ ಸಹಿ ಮಾಡಿದ್ದೀರಿ, ಅದಕ್ಕೆ ಜಗಳ ಬೇಡ. ಆದರೆ ಅದೇ ಸಾಲು ಓನರ್ ಕೈಯನ್ನೂ ಕಟ್ಟುತ್ತದೆ. ಬಣ್ಣಕ್ಕೆ ಇಷ್ಟು ಅಂತ ಅವರೂ ಸಹಿ ಮಾಡಿದ ಮೇಲೆ, ಅದೇ ಬಣ್ಣಕ್ಕೆ 25,000 ಕೇಳುವುದಕ್ಕೆ ಬರುವುದಿಲ್ಲ. ಪತ್ರದ ಅವಧಿ 11 ತಿಂಗಳಿಗೇ ಮುಗಿದಿದೆಯಲ್ಲ ಅಂತ ಅವರು ಹೇಳಬಹುದು. ಅವಧಿ ಮುಗಿದ ಮೇಲೂ ನೀವು ಇದ್ದಿರಿ, ಅವರು ಬಾಡಿಗೆ ತೆಗೆದುಕೊಂಡರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಹಳೆಯ ಪತ್ರದ ಷರತ್ತುಗಳೂ ಹೊಂದುವಷ್ಟರ ಮಟ್ಟಿಗೆ ಅದರ ಜೊತೆಗೇ ಬರುತ್ತವೆ.

ಆ ಸಾಲು ಪತ್ರದಲ್ಲಿ ಇಲ್ಲದಿದ್ದರೆ ನಿಮ್ಮ ಕೈ ಇನ್ನೂ ಗಟ್ಟಿ. ಅದೇ ಕಾಯ್ದೆಯ 108ನೇ ಕಲಂನ ಎಂ ಉಪಕಲಂ ಹೇಳುವುದು ಇಷ್ಟು: ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜ ಬಳಕೆಯಿಂದ ಆದ ಸವಕಳಿಗೆ ಅವನು ಹೊಣೆ ಅಲ್ಲ. ಬಳ್ಳಾರಿ ಬಿಸಿಲಿಗೆ ಮೂರು ವರ್ಷದಲ್ಲಿ ಪಡುವಣ ಗೋಡೆಯ ಬಣ್ಣ ಮಾಸದೆ ಇರುತ್ತದಾ? ಕ್ಯಾಲೆಂಡರ್ ಮೊಳೆಯ ತೂತು, ದೇವರ ಫೋಟೋ ಹಿಂದಿನ ಕಲೆ, ಒಲೆ ಮೇಲಿನ ಗೋಡೆಯ ಮಸುಕು, ಇವೆಲ್ಲ ಸಂಸಾರ ಮಾಡಿದ್ದರ ಗುರುತು. ಇದಕ್ಕೆ ದಂಡ ಇಲ್ಲ. ಮಗು ಹಾಲ್ ತುಂಬ ಕ್ರೇಯಾನ್ಸ್‌ನಲ್ಲಿ ಗೀಚಿದ್ದರೆ, ಓನರ್‌ಗೆ ಕೇಳದೆ ಒಂದು ಗೋಡೆಗೆ ಕಡುನೀಲಿ ಬಳಿಸಿದ್ದರೆ ಅದು ಬೇರೆ ಮಾತು. ಆ ಥರದ್ದು ಇದ್ದರೆ ನೋಟಿಸ್ ಕಳಿಸುವ ಮೊದಲೇ ಲೆಕ್ಕದಲ್ಲಿ ತೆಗೆದುಕೊಳ್ಳಿ.

ನಲ್ಲಿ ಮತ್ತು ಟೈಲ್ಸ್‌ದೂ ಇದೇ ವಿಚಾರ. ಹೊಸ ಬಡಾವಣೆಗಳಲ್ಲಿ ಬಹಳ ಮನೆಗಳಿಗೆ ಬೋರ್ ನೀರೇ ಗತಿ. ಗಡಸು ನೀರು ಬಿದ್ದಲ್ಲಿ ನಲ್ಲಿಯ ಬುಡಕ್ಕೆ ಬಿಳಿ ಪೊರೆ ಕಟ್ಟುತ್ತದೆ, ಟೈಲ್ಸ್ ಮೇಲೆ ಉಪ್ಪಿನ ಗೆರೆ ಇಳಿಯುತ್ತದೆ. ನೀರು ಓನರ್ ಬೋರಿನದೇ ಅಲ್ವಾ? ನಲ್ಲಿ ಮುರಿದಿದ್ದರೆ, ಟೈಲ್ಸ್ ಒಡೆದಿದ್ದರೆ ನಿಮ್ಮ ಜವಾಬ್ದಾರಿ. ಬರೀ ಪೊರೆ ಕಟ್ಟಿದ್ದರೆ ಅದು ಸವಕಳಿ. ಈ ವ್ಯತ್ಯಾಸ ಫೋಟೋದಲ್ಲಿ ಗೊತ್ತಾಗುತ್ತದೆ. ಖಾಲಿ ಮಾಡುವ ದಿನ ಮೊಬೈಲ್‌ನಲ್ಲಿ ತೆಗೆದದ್ದು ಏನಾದರೂ ಇದ್ದರೆ ಅಳಿಸಬೇಡಿ. 7,500ನ್ನು ಪೂರ್ತಿ ನಿರಾಕರಿಸಿ.

ಒಂದು ತಿಂಗಳ ಬಾಡಿಗೆಯದು ಸುಲಭ. ಆಗಸ್ಟ್ 28ಕ್ಕೆ ಹೇಳಿ ಸೆಪ್ಟೆಂಬರ್ 30ಕ್ಕೆ ಬಿಟ್ಟಿದ್ದೀರಿ. ಪತ್ರದಲ್ಲಿ ಒಂದು ತಿಂಗಳ ಮುಂಚೆ ತಿಳಿಸಬೇಕು ಅಂತ ಇದ್ದರೆ ಅದು ಆಗಿದೆ. ಏನೂ ಬರೆಯದೆ ಇದ್ದರೆ ಕಾಯ್ದೆಯ 106ನೇ ಕಲಂ ಕೇಳುವುದು 15 ದಿನ, ಅದೂ ಆಗಿದೆ. ಪತ್ರದಲ್ಲಿ ಎರಡು ತಿಂಗಳು ಅಂತ ಇದ್ದರೆ ಮಾತ್ರ ಓನರ್ ಮಾತಿಗೆ ಸ್ವಲ್ಪ ಬೆಲೆ ಬರುತ್ತದೆ, ಆದ್ದರಿಂದ ಆ ಸಾಲನ್ನೂ ಓದಿ. ನೀವು ಸರಿಯಾಗಿ ತಿಳಿಸಿ ಬಿಟ್ಟ ಮೇಲೆ ಮನೆ ಖಾಲಿ ಬಿದ್ದರೆ ಅದು ನಿಮ್ಮ ಮೇಲೆ ಬರುವುದಿಲ್ಲ.

ಗ್ಲಾಸ್ ಒಡೆದದ್ದು ನೀವು. ಅದನ್ನು ಮುಚ್ಚಿಡಬೇಡಿ, ನೋಟಿಸ್‌ನಲ್ಲೇ ಒಪ್ಪಿಕೊಳ್ಳಿ. ಆದರೆ 4,000 ಯಾಕೆ? ಗ್ಲಾಸ್ ಅಂಗಡಿಗೆ ಹೋಗಿ ಅಳತೆ ಹೇಳಿ, ಕೂರಿಸುವ ಕೂಲಿ ಸೇರಿಸಿ ಒಂದು ಕೊಟೇಷನ್ ಬರೆಸಿಕೊಳ್ಳಿ. ಅಂಗಡಿ ಸೀಲ್ ಇರಲಿ. 1,200 ಆಗುತ್ತದೆ ಅಂತ ಇಟ್ಟುಕೊಳ್ಳೋಣ. 1872ರ ಕರಾರು ಕಾಯ್ದೆಯ 73 ಮತ್ತು 74ನೇ ಕಲಂಗಳ ತಿರುಳು ಇದು: ನಷ್ಟ ಆಗಿದ್ದರೆ ಮಾತ್ರ ಪರಿಹಾರ, ಅದೂ ನ್ಯಾಯವಾದಷ್ಟು. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಮುಟ್ಟುಗೋಲು ಹಾಕಿದ ಹಣವನ್ನು ಹಿಡಿದಿಟ್ಟಿದ್ದು ದೆಹಲಿ ಅಭಿವೃದ್ಧಿ ಪ್ರಾಧಿಕಾರ. ಪ್ರಾಧಿಕಾರಕ್ಕೆ ನಷ್ಟವೇ ಆಗಿಲ್ಲ ಎಂದು ಕೋರ್ಟ್ ಹಣ ವಾಪಸ್ ಕೊಡಿಸಿತು. ಅದು ಸೈಟ್ ಹರಾಜಿನ ವಿಚಾರ, ಬಾಡಿಗೆ ಮನೆಯದಲ್ಲ. ಆದರೂ ನಷ್ಟ ತೋರಿಸದೆ ಬೇರೆಯವರ ಹಣ ಇಟ್ಟುಕೊಳ್ಳಬಾರದು ಅನ್ನುವ ತತ್ವ ನಿಮಗೂ ಸಲ್ಲುತ್ತದೆ. ಬಿಲ್ ಎಲ್ಲಿ ಅಂತ ನೀವು ಕೇಳಿದರೆ ಅವರು ತೋರಿಸಬೇಕು.

ಈಗ ಲೆಕ್ಕ. ಬಣ್ಣಕ್ಕೆ 8,500, ಗ್ಲಾಸಿಗೆ 1,200, ಒಟ್ಟು 9,700 ಅವರಿಗೆ ಸೇರಬೇಕು. ಅವರ ಕೈಯಲ್ಲಿರುವ 45,000ದಲ್ಲಿ ಅದನ್ನು ಕಳೆದರೆ ನಿಮಗೆ ಬರಬೇಕಾದ್ದು 35,300. ಬಣ್ಣದ ಸಾಲು ಪತ್ರದಲ್ಲಿ ಇಲ್ಲದಿದ್ದರೆ 43,800. ಪೂರ್ತಿ 45,000 ಕೇಳಿಬಿಡೋಣ, ಆಮೇಲೆ ಚೌಕಾಸಿ ಮಾಡೋಣ ಅಂತ ಅನ್ನಿಸಬಹುದು. ನಾನು ಅದನ್ನು ಒಪ್ಪುವುದಿಲ್ಲ. ಒಡೆದ ಗ್ಲಾಸನ್ನೂ ಒಪ್ಪಿಕೊಳ್ಳದ ನೋಟಿಸ್‌ಗೆ ಎದುರಿನ ಲಾಯರ್ ಅದೊಂದನ್ನೇ ಹಿಡಿದು ಉತ್ತರ ಬರೆಯುತ್ತಾರೆ. ನ್ಯಾಯವಾದದ್ದನ್ನು ನೀವೇ ಕಳೆದು ಕೇಳಿದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ನೋಟಿಸ್ ಯಾರ ಹೆಸರಿಗೆ ಅನ್ನುವುದರಲ್ಲಿ ಬಹಳ ಜನ ತಪ್ಪುತ್ತಾರೆ. ಪತ್ರಕ್ಕೆ ಸಹಿ ಹಾಕಿದವರು ಅಪ್ಪ, ಹಣ ಹಾಕಿದ್ದು ಮಗ. ಮಗನಿಗೆ ಮಾತ್ರ ಕಳಿಸಿದರೆ, ನಾನು ಓನರೇ ಅಲ್ಲ ಅಂತಾನೆ. ಅಪ್ಪನಿಗೆ ಮಾತ್ರ ಕಳಿಸಿದರೆ, ವ್ಯವಹಾರ ಎಲ್ಲ ಮಗನದು ಅಂತಾರೆ. ಒಂದೇ ನೋಟಿಸ್, ಇಬ್ಬರ ಹೆಸರು, ಎರಡು ಕವರ್.

ಕರಡು ಹೀಗಿರಲಿ. ನಿಮ್ಮ ವಿವರ ತುಂಬಿಕೊಳ್ಳಿ.

> ದಿನಾಂಕ: ________
>
> ಇವರಿಂದ: (ನಿಮ್ಮ ಹೆಸರು, ಹೊಸಪೇಟೆಯ ಪೂರ್ತಿ ವಿಳಾಸ)
>
> ಇವರಿಗೆ: 1. (ಮನೆ ಮಾಲೀಕರ ಹೆಸರು, ವಿಳಾಸ) 2. (ಅವರ ಮಗನ ಹೆಸರು, ವಿಳಾಸ)
>
> ವಿಷಯ: ಬಾಡಿಗೆ ಮನೆಯ ಭದ್ರತಾ ಠೇವಣಿಯ ಬಾಕಿ ರೂ. 35,300 ಮರುಪಾವತಿಗೆ ನೋಟಿಸ್.
>
> ಬಳ್ಳಾರಿ ಕಪ್ಪಗಲ್ಲು ರಸ್ತೆಯ (ಮನೆ ನಂಬರ್) ಮನೆಯನ್ನು ದಿನಾಂಕ ______ರ ಕರಾರಿನಂತೆ 1-8-2022ರಿಂದ ತಿಂಗಳಿಗೆ ರೂ. 8,500 ಬಾಡಿಗೆಗೆ ನಾನು ಪಡೆದಿದ್ದೆ. ಭದ್ರತಾ ಠೇವಣಿಯಾಗಿ (ಅಡ್ವಾನ್ಸ್) ರೂ. 60,000 ಕೊಟ್ಟಿದ್ದೆ. ಈ ಹಣ ತಲುಪಿದ ಬಗ್ಗೆ ಕರಾರಿನಲ್ಲೇ ನಮೂದಾಗಿದೆ.
>
> ಮನೆ ಬಿಡುವುದಾಗಿ 28-8-2025ರಂದು ವಾಟ್ಸಾಪ್ ಮೂಲಕ ತಿಳಿಸಿ, 30-9-2025ರಂದು ಮನೆ ಖಾಲಿ ಮಾಡಿ, ಕೀಗಳನ್ನು ______ ಅವರ ಕೈಗೆ ಕೊಟ್ಟಿದ್ದೇನೆ. ಆ ದಿನದವರೆಗಿನ ಬಾಡಿಗೆ ಮತ್ತು ವಿದ್ಯುತ್ ಬಿಲ್ ಪೂರ್ತಿ ಕಟ್ಟಿದ್ದೇನೆ.
>
> 12-10-2025ರಂದು ನೀವು ರೂ. 15,000 ಮಾತ್ರ ಕೊಟ್ಟಿದ್ದೀರಿ. ಇದನ್ನು ಭಾಗಶಃ ಪಾವತಿ ಎಂದು ಮಾತ್ರ ಸ್ವೀಕರಿಸಿದ್ದೇನೆ. ಉಳಿದ ರೂ. 45,000ರಲ್ಲಿ, ಕರಾರಿನ ____ನೇ ಷರತ್ತಿನಂತೆ ಸುಣ್ಣ ಬಣ್ಣಕ್ಕೆ ರೂ. 8,500 ಮತ್ತು ನಮ್ಮಿಂದ ಒಡೆದ ಒಂದು ಕಿಟಕಿ ಗ್ಲಾಸಿಗೆ ರೂ. 1,200 (ಕೊಟೇಷನ್ ಪ್ರತಿ ಲಗತ್ತಿಸಿದೆ) ಕಡಿತಕ್ಕೆ ನನ್ನ ಒಪ್ಪಿಗೆ ಇದೆ.
>
> ಸುಣ್ಣ ಬಣ್ಣಕ್ಕೆ ಅದಕ್ಕಿಂತ ಹೆಚ್ಚು ಹಿಡಿಯಲು ಕರಾರಿನಲ್ಲಿ ಅವಕಾಶವಿಲ್ಲ. ನಲ್ಲಿ ಮತ್ತು ಟೈಲ್ಸ್ ಮೇಲಿನ ಉಪ್ಪಿನ ಪೊರೆ ಸಹಜ ಬಳಕೆಯ ಸವಕಳಿಯಾಗಿದ್ದು, ಆಸ್ತಿ ವರ್ಗಾವಣೆ ಕಾಯ್ದೆ 1882ರ ಕಲಂ 108(ಎಂ) ಪ್ರಕಾರ ಅದಕ್ಕೆ ನಾನು ಹೊಣೆಯಲ್ಲ. ಮುಂಚಿತವಾಗಿ ತಿಳಿಸಿ ಮನೆ ಬಿಟ್ಟಿರುವುದರಿಂದ ಹೆಚ್ಚುವರಿ ತಿಂಗಳ ಬಾಡಿಗೆ ಕೊಡಬೇಕಾಗಿಲ್ಲ. ಬೇರೆ ಯಾವುದಾದರೂ ನಷ್ಟ ಆಗಿದೆ ಎಂದು ನೀವು ಹೇಳುವುದಾದರೆ ಅದರ ಫೋಟೋ ಮತ್ತು ಬಿಲ್‌ಗಳನ್ನು ಕೊಡಿ.
>
> ಆದ್ದರಿಂದ ಈ ನೋಟಿಸ್ ತಲುಪಿದ 15 ದಿನಗಳ ಒಳಗೆ ರೂ. 35,300ನ್ನು ಕೆಳಗಿನ ಬ್ಯಾಂಕ್ ಖಾತೆಗೆ ಪಾವತಿಸಬೇಕು. ತಪ್ಪಿದರೆ ಈ ನೋಟಿಸ್‌ನ ದಿನಾಂಕದಿಂದ ವರ್ಷಕ್ಕೆ ಶೇ. 12ರಂತೆ ಬಡ್ಡಿಯನ್ನು ಬಡ್ಡಿ ಕಾಯ್ದೆ 1978ರ ಕಲಂ 3ರ ಪ್ರಕಾರ ಕ್ಲೇಮ್ ಮಾಡುತ್ತೇನೆ ಮತ್ತು ವಸೂಲಿಗಾಗಿ ಬಳ್ಳಾರಿಯ ಸಿವಿಲ್ ನ್ಯಾಯಾಲಯದಲ್ಲಿ ನಿಮ್ಮ ಖರ್ಚಿನ ಹೊಣೆಯ ಮೇಲೆ ದಾವೆ ಹೂಡುತ್ತೇನೆ.
>
> (ಬ್ಯಾಂಕ್ ಖಾತೆ ವಿವರ) (ಸಹಿ)

ಇದರಲ್ಲಿ ಕೆಲವು ಮಾತುಗಳನ್ನು ಬೇಕೆಂದೇ ಹಾಗೆ ಬರೆದಿದ್ದೇನೆ. ನಾವೆಲ್ಲ ಅಡ್ವಾನ್ಸ್ ಅಂತೀವಿ. ಆದರೆ ಆ ಪದ ಒಂದೇ ಇದ್ದರೆ ಅದು ಮುಂಗಡ ಬಾಡಿಗೆ, ಬಾಡಿಗೆಗೇ ಜಮಾ ಮಾಡಿಕೊಂಡೆವು ಅಂತ ವಾದಕ್ಕೆ ಜಾಗ ಆಗುತ್ತದೆ. ಅದಕ್ಕೇ ಭದ್ರತಾ ಠೇವಣಿ ಅಂತ ಬರೆದು ಪಕ್ಕದಲ್ಲಿ ಅಡ್ವಾನ್ಸ್ ಅಂದಿದ್ದೇನೆ. ಕೀ ಯಾರ ಕೈಗೆ ಕೊಟ್ಟಿರಿ ಅನ್ನುವ ಸಾಲು ಬಿಡಲೇಬೇಡಿ. ಒಂದು ಕೇಸಿನಲ್ಲಿ ಬಾಡಿಗೆದಾರರು ಪಕ್ಕದ ಮನೆಯಲ್ಲಿ ಕೀ ಇಟ್ಟು ಬಂದಿದ್ದರು. ಕೀ ನಮಗೆ ಸಿಕ್ಕಿದ್ದೇ ಎರಡು ತಿಂಗಳ ಮೇಲೆ ಅಂತ ಓನರ್ ಹೇಳಿದರು. ಅಷ್ಟೂ ದಿನದ ಬಾಡಿಗೆ ಲೆಕ್ಕಕ್ಕೆ ಬಂತು.

"ಭಾಗಶಃ ಪಾವತಿ" ಅನ್ನುವುದಕ್ಕೂ ಕಾರಣ ಇದೆ. 15,000 ಹಾಕಿದ ದಿನ ಆ ಹುಡುಗ "ಲೆಕ್ಕ ಚುಕ್ತಾ" ಅಂತ ಮೆಸೇಜ್ ಹಾಕಿದ್ದನಾ ನೋಡಿ. ನೀವು ಅದಕ್ಕೆ ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸಿದ್ದರೆ ಅದನ್ನೇ ಒಪ್ಪಿಗೆ ಅಂತ ತೋರಿಸುತ್ತಾರೆ. ನೋಟಿಸ್ ಆದ ಮೇಲೂ ಐದೋ ಹತ್ತೋ ಸಾವಿರ ಹಾಕಿ ಚುಕ್ತಾ ಅನ್ನಬಹುದು. ಹಣ ತೆಗೆದುಕೊಳ್ಳಿ, ಅವತ್ತೇ "ಇಷ್ಟು ಬಂದಿದೆ, ಇಷ್ಟು ಬಾಕಿ" ಅಂತ ಉತ್ತರ ಬರೆಯಿರಿ.

ಬಡ್ಡಿಯ ಸಾಲು ನೋಟಿಸ್‌ನ ಜೀವಾಳ. ಖಾಸಗಿ ವ್ಯಕ್ತಿಯ ಮೇಲೆ ಇಂಥ ಹಣದ ದಾವೆ ಹಾಕಲು ಮುಂಚೆ ನೋಟಿಸ್ ಕೊಡಲೇಬೇಕು ಅಂತ ಇಲ್ಲ. ಹಾಗಿದ್ದರೂ ಕೊಡಿ ಅನ್ನುವುದು ಇದಕ್ಕೇ. ಇಂತಹ ದಿನದಿಂದ ಬಡ್ಡಿ ಕೇಳುತ್ತೇನೆ ಅಂತ ಬರವಣಿಗೆಯಲ್ಲಿ ತಿಳಿಸಿದರೆ, ದಾವೆ ಹಾಕುವವರೆಗಿನ ಬಡ್ಡಿ ಕೊಡಿಸಲು 1978ರ ಕಾಯ್ದೆ ಕೋರ್ಟಿಗೆ ದಾರಿ ಮಾಡಿಕೊಡುತ್ತದೆ. 35,300ಕ್ಕೆ ಶೇ. 12 ಅಂದರೆ ತಿಂಗಳಿಗೆ 353 ರೂಪಾಯಿ. ಕೋರ್ಟ್ ಅಷ್ಟೇ ದರ ಕೊಡುತ್ತದೆ ಅಂತ ಹೇಳಲಾರೆ, ಕಡಿಮೆಯೂ ಮಾಡಬಹುದು.

ಬರೆಯಬಾರದ್ದೂ ಇದೆ. "ಪೊಲೀಸ್ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕಿಸುತ್ತೇನೆ", "ಫೇಸ್‌ಬುಕ್‌ನಲ್ಲಿ ಹಾಕಿ ಮಾನ ಕಳೆಯುತ್ತೇನೆ", ಇಂಥ ಒಂದು ಸಾಲೂ ಬೇಡ. ಇದು ಸಿವಿಲ್ ವ್ಯವಹಾರ, ಬೆದರಿಕೆ ಹಾಕಿದರೆ ಅದು ನಿಮ್ಮ ಮೇಲೇ ತಿರುಗುತ್ತದೆ. ಮಾನಸಿಕ ಹಿಂಸೆಗೆ ಐದು ಲಕ್ಷ ಅಂತಲೂ ಸೇರಿಸಬೇಡಿ. 2021ರ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ ಅಂತ ನೆಟ್‌ನಲ್ಲಿ ಓದಿರುತ್ತೀರಿ. ಅದು ಮಾದರಿ ಅಷ್ಟೇ. ರಾಜ್ಯ ತನ್ನದೇ ಕಾಯ್ದೆ ಮಾಡದೆ ತಾನಾಗಿ ಜಾರಿಗೆ ಬರುವುದಿಲ್ಲ, ಅದನ್ನು ನಂಬಿ ಬರೆಯಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನಿಮಗೆ ಬರುವುದಿಲ್ಲ. ಅದು ತೀರ ಕಡಿಮೆ ಬಾಡಿಗೆಯ ಮನೆಗಳಿಗೆ, ದೊಡ್ಡ ಊರುಗಳಲ್ಲೂ ತಿಂಗಳಿಗೆ 3,500ರವರೆಗೆ ಮಾತ್ರ.

ಕಳಿಸುವುದು ಅಂಚೆಯಲ್ಲೇ. ಮೊದಲು ರಿಜಿಸ್ಟರ್ಡ್ ಪೋಸ್ಟ್ ಅಂತಿದ್ದೆವು. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿತು. ಕೌಂಟರ್‌ನಲ್ಲಿ ಸುಮ್ನೆ ಸ್ಪೀಡ್ ಪೋಸ್ಟ್ ಅನ್ನಬೇಡಿ. ರಿಜಿಸ್ಟ್ರೇಷನ್ ಬೇಕು, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಬಾಯಿಬಿಟ್ಟು ಕೇಳಿ. ವಿಳಾಸ ಕರಾರು ಪತ್ರದಲ್ಲಿ ಇರುವ ಹಾಗೇ ಇರಲಿ, ಪಿನ್ ಕೋಡ್ ತಪ್ಪಬಾರದು. ಸಹಿ ಮಾಡಿದ ಒಂದು ಪ್ರತಿ, ಎರಡು ಕವರಿನ ರಸೀದಿ, ಟ್ರ್ಯಾಕಿಂಗ್ ಪ್ರಿಂಟ್ ಮೂರನ್ನೂ ಒಂದೇ ಫೈಲಿಗೆ ಹಾಕಿ. ಅವತ್ತೇ ನೋಟಿಸ್‌ನ ಫೋಟೋ ವಾಟ್ಸಾಪ್‌ನಲ್ಲೂ ಕಳಿಸಿ. ಹಳೆಯ ಚಾಟ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಅದನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಸುಲಭ.

ಕೆಲವರು ಕವರ್ ತೆಗೆದುಕೊಳ್ಳುವುದೇ ಇಲ್ಲ. ಅಂಚೆಯವರು "ನಿರಾಕರಿಸಿದರು" ಅಂತ ಷರಾ ಬರೆದು ನಿಮಗೆ ವಾಪಸ್ ತರುತ್ತಾರೆ. ಆಗ ಬೇಜಾರಾಗಿ ಕವರ್ ಹರಿಯಬೇಡಿ, ಒಡೆಯಲೂಬೇಡಿ. ಮುಚ್ಚಿದ ಕವರ್, ಅದರ ಮೇಲಿನ ಷರಾ, ಅಂಚೆ ಸೀಲ್, ಇದೇ ನಿಮ್ಮ ಸಾಕ್ಷಿ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ಬೇಡ ಅಂದರೆ ಅದು ತಲುಪಿದ ಹಾಗೇ ಅಂತ ಕೋರ್ಟ್‌ಗಳು ಭಾವಿಸುತ್ತವೆ. "ಬಾಗಿಲು ಹಾಕಿದೆ" ಅಥವಾ "ಊರಲ್ಲಿಲ್ಲ" ಅಂತ ಬಂದರೆ ಅಷ್ಟು ಗಟ್ಟಿ ಅಲ್ಲ, ಇನ್ನೊಮ್ಮೆ ಕಳಿಸಿ.

15 ದಿನ ಕಾದರೂ ಹಣ ಬರಲಿಲ್ಲ ಅಂದರೆ ನೇರ ದಾವೆಗೆ ಓಡಬೇಡಿ. ಬಳ್ಳಾರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ದಾವೆಪೂರ್ವ ಲೋಕ ಅದಾಲತ್‌ಗೆ ಅರ್ಜಿ ಕೊಡಿ. ನೋಟಿಸ್ ಫೈಲ್‌ನ ಪ್ರತಿ ಜೊತೆಗಿರಲಿ. ಇದಕ್ಕೆ ಕೋರ್ಟ್ ಫೀ ಇಲ್ಲ. ನೀವು ಮಹಿಳೆ ಆದ್ದರಿಂದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಡಿ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು, ಪತ್ರ ನಿಮ್ಮ ಹೆಸರಿನಲ್ಲಿ ಇರುವುದು ಇಲ್ಲಿ ಅನುಕೂಲ ಆಯಿತು. ಅಲ್ಲಿ ಇಬ್ಬರೂ ಒಪ್ಪಿ ಆದೇಶ ಆದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಒಪ್ಪಿಗೆ ಇಲ್ಲದೆ ಅವರು ಯಾರ ಮೇಲೂ ತೀರ್ಪು ಹೇರುವುದಿಲ್ಲ ಅನ್ನುವುದೇ ಅದರ ಮಿತಿ. ಮೂವತ್ತೈದು ಸಾವಿರದ ವ್ಯಾಜ್ಯಕ್ಕೆ ನನ್ನ ಮಟ್ಟಿಗೆ ಇದೇ ಸರಿಯಾದ ಜಾಗ. ಅಲ್ಲಿ ಎರಡು ಮೂರು ಸಾವಿರ ಬಿಟ್ಟುಕೊಡಿ ಅಂದರೆ ಯೋಚಿಸಿ, ದಾವೆ ನಡೆಸಲು ಹೊಸಪೇಟೆಯಿಂದ ಓಡಾಡುವ ಖರ್ಚೂ ಲೆಕ್ಕವೇ. ಅರ್ಧಕ್ಕರ್ಧ ಬಿಡಿ ಅಂದರೆ ಒಪ್ಪಬೇಡಿ.

ಅಲ್ಲೂ ಆಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಸೂಲಿ ದಾವೆ. ಆಗ ನಿಮ್ಮ ಕರಾರು ಪತ್ರದ ಛಾಪಾ ಕಾಗದದ ಬೆಲೆ ಕಡಿಮೆ ಇದ್ದರೆ, ಕಡಿಮೆ ಬಿದ್ದ ಸುಂಕ ಮತ್ತು ದಂಡ ಕಟ್ಟಿದ ಮೇಲೇ ಕೋರ್ಟ್ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕ ಕಳಿಸಿದ್ದರೆ ಆ ಸ್ಟೇಟ್‌ಮೆಂಟ್ ಈಗಲೇ ತೆಗೆಸಿಡಿ, ಹಣ ಕೊಟ್ಟಿದ್ದಕ್ಕೆ ಅದೂ ಒಂದು ಸಾಕ್ಷಿ. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ, ನೋಟಿಸ್ ಕೊಟ್ಟ ಮಾತ್ರಕ್ಕೆ ಅದು ಬೆಳೆಯುವುದಿಲ್ಲ. ಕೀ ಕೊಟ್ಟ ದಿನದಿಂದಲೇ ಎಣಿಸಿ, 2028ರ ಸೆಪ್ಟೆಂಬರ್ 30 ಅನ್ನುವ ತಾರೀಖನ್ನು ಆ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.